ಹದಿನಾಲ್ಕು ದಿನದಲ್ಲಿ ಅರೇಬಿಕ್ ಅಕ್ಷರ ಕಲಿತದ್ದು

ದುಬೈಗೆ ಬಂದು ನಾಲ್ಕು ವರ್ಷವಾದರೂ ಅಂಗಡಿ ಬೋರ್ಡಿನ ಅರೇಬಿಕ್ ನನಗೆ ಬರೀ ಗೆರೆಗಳಾಗಿತ್ತು. ಮೊದಲೊಮ್ಮೆ 28 ಅಕ್ಷರಗಳನ್ನೂ ಕ್ರಮವಾಗಿ ಬಾಯಿಪಾಠ ಮಾಡಿದ್ದೆ, ಆದರೆ ಒಂದು ಪದವೂ ಓದಲಾಗಲಿಲ್ಲ. ಪದದೊಳಗೆ ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡು ರೂಪ ಬದಲಿಸುತ್ತವೆ. ನಾನು ಕಲಿತದ್ದು ಬಿಡಿ ರೂಪ ಮಾತ್ರ. ಹಾಗಾಗಿ ಎರಡನೇ ಸಲ ಕ್ರಮ ಬಿಟ್ಟು, ಆಕಾರ ಒಂದೇ ಇರುವವನ್ನು ಒಟ್ಟಿಗೆ ಹಿಡಿದೆ. ಬೆಳಿಗ್ಗೆ ಬಸ್ಸಿಗೆ ಮುಂಚೆ 25 ನಿಮಿಷ ಬರೆಯುವುದು, ರಾತ್ರಿ 15 ನಿಮಿಷ ಓದುವುದು.

ಮೊದಲ ಮೂರು ದಿನ ಅಲಿಫ್ ಜೊತೆಗೆ ಬಾ, ತಾ, ಥಾ, ನೂನ್, ಯಾ. ಬಿಡಿಯಾಗಿ ನೋಡಿದರೆ ನೂನ್, ಯಾ ಬೇರೆಯೇ ಕಾಣುತ್ತವೆ. ಪದದ ಮೊದಲಲ್ಲಿ, ನಡುವಿನಲ್ಲಿ ಮಾತ್ರ ಈ ಐದೂ ಒಂದೇ ಪುಟ್ಟ ಹಲ್ಲು, ಗುರುತು ಚುಕ್ಕಿಯದ್ದೇ. 'ಬೈತ್' ಅಂದರೆ ಮನೆ: ಬಾ, ಯಾ, ತಾ. ನಡುವಿನ ಹಲ್ಲಿನ ಕೆಳಗೆ ಎರಡು ಚುಕ್ಕಿ. ಅವನ್ನು ತೆಗೆದು ಮೇಲೆ ಒಂದು ಇಟ್ಟರೆ ನೂನ್ ಆಗಿ 'ಬಿಂತ್', ಹುಡುಗಿ. ಎರಡನೇ ದಿನ ನಾನು ಮನೆ ಎಂದು ಬರೆಯಹೋಗಿ ಹುಡುಗಿ ಎಂದೇ ಬರೆದಿದ್ದೆ. ಆಮೇಲೆ ಪೂರ್ತಿ ಪದದ ಗೆರೆ ಎಳೆದು, ಕೊನೆಗೆ ಬಲದಿಂದ ಎಡಕ್ಕೆ ಚುಕ್ಕಿ ಇಡುತ್ತಾ ಹೋಗುವುದನ್ನು ರೂಢಿಸಿಕೊಂಡೆ.

ನಾಲ್ಕನೇ ದಿನ ದಾಲ್, ಧಾಲ್, ರಾ, ಝಾಯ್, ವಾವ್. ಅಲಿಫ್‌ನಂತೆ ಇವೂ ಬಲಗಡೆಯ ಅಕ್ಷರಕ್ಕೆ ಕೂಡುತ್ತವೆ, ಎಡಗಡೆಗೆ ಕೈ ಚಾಚುವುದಿಲ್ಲ. 'ದುಬೈ' ಎಂಬ ಪದದಲ್ಲಿ ದಾಲ್ ಒಂಟಿಯಾಗಿ ನಿಂತು ಬಾ, ಯಾ ಕೂಡಿರುವುದು ಅಂದು ಬಸ್ಸಿನ ಕಿಟಕಿಯಿಂದ ಕಂಡಿತು. 'ದು' ಎಂಬಲ್ಲಿನ ಉಕಾರವನ್ನು ಬರೆದೇ ಇಲ್ಲ! ಕೊಂಬು ಕಾಣದೆ ಓದದ ಕನ್ನಡದ ಕಣ್ಣಿಗೆ ಇದೇ ದೊಡ್ಡ ತೊಡಕು. ಹ್ರಸ್ವ ಸ್ವರವನ್ನು ಪದ ಗೊತ್ತಿದ್ದವರು ತಾವೇ ತುಂಬಿಕೊಳ್ಳಬೇಕು.

ಐದರಂದು ಜೀಮ್, ಹಾ, ಖಾ. ಆರರಂದು ಕಾಫ್, ಲಾಮ್, ಮೀಮ್, ಮೆಲು ದನಿಯ ಇನ್ನೊಂದು ಹಾ. ಏಳರಂದು ಹೊಸದೇನೂ ಇಲ್ಲ, ಹಳೆಯದನ್ನು ನೋಡದೆ ಬರೆದೆ. ಎಂಟು, ಒಂಬತ್ತರಲ್ಲಿ ಸೀನ್, ಶೀನ್, ಸಾದ್, ದಾದ್ ಮತ್ತು ಗಡಸು ತಾ, ಝಾ. ಸೀನ್ ಮತ್ತು ಸಾದ್ ನಡುವಿನ ಉಚ್ಚಾರದ ವ್ಯತ್ಯಾಸವನ್ನು ಆಗ ಬದಿಗಿಟ್ಟೆ, ಆಕಾರ ಹಿಡಿದರೆ ಸಾಕೆನಿಸಿತು.

ಹತ್ತನೇ ದಿನದ ಐನ್, ಗೈನ್ ಕಷ್ಟ. ನಡುವಿನಲ್ಲಿ ಐನ್ ತಲೆ ಚಪ್ಪಟೆಯಾದ ಗಂಟಿನಂತಾಗುತ್ತದೆ. ಅದರ ಮೇಲೆ ಚುಕ್ಕಿ ಬಂದರೆ ಗೈನ್. ಹನ್ನೊಂದರಂದು ಕಲಿತ ಫಾಗೂ ಒಂದೇ ಚುಕ್ಕಿ, ಆದರೆ ಅದರ ತಲೆ ದುಂಡಗೆ. ಖಾಫ್‌ಗೆ ಎರಡು. ಊಟದ ಹೋಟೆಲಿನ ಬೋರ್ಡಿನ 'ಮತ್‌ಅಮ್' ಪದದಲ್ಲಿ ಮೀಮ್, ಗಡಸು ತಾ, ಐನ್, ಮೀಮ್ ನಾಲ್ಕೂ ಕೂಡಿವೆ. ಅದನ್ನು ಇಪ್ಪತ್ತು ಸಲ ಬರೆದೆ.

ಕೊನೆಯ ಮೂರು ದಿನ ಬರೀ ಓದು. ಹದಿನಾಲ್ಕನೇ ಸಂಜೆ ಮಾಲ್‌ನ ಬಾಗಿಲ ಮೇಲೆ ಖಾ, ರಾ, ವಾವ್, ಜೀಮ್ ಬಿಡಿಸಿ 'ಖುರೂಜ್' ಎಂದು ಓದಿದೆ. ಹೊರಹೋಗುವ ದಾರಿ ಎಂಬುದು ಪಕ್ಕದ ಇಂಗ್ಲಿಷ್‌ನಿಂದ ತಿಳಿಯಿತು.