ಹಣ್ಣಾಗದ ಹುಳ, ಒಟ್ಟಿಗೇ ಹಣ್ಣಾದ ಹುಳ

ನಮ್ಮದು ಹಾವೇರಿ ಕಡೆ, ಎರಡು ಎಕರೆ ಹಿಪ್ಪುನೇರಳೆ. ಸಲಕ್ಕೆ 150 ಮೊಟ್ಟೆ, ಅಂದರೆ 150 ಚಿಟ್ಟೆ ಇಟ್ಟಷ್ಟು, ದ್ವಿತಳಿ ರೇಷ್ಮೆ ಹುಳ ಮೇಯಿಸುತ್ತೇನೆ. ಹುಳಗಳನ್ನು ಒಟ್ಟಿಗೇ ಹಣ್ಣು ಮಾಡಿ ಗೂಡು ಕಟ್ಟಿಸುವ ‘ಸಂಪೂರ್ಣ’ ಔಷಧಿ ಸಿಂಪಡಿಸುತ್ತೇನೆ ಅಂದಾಗ ಮಾವ ನಕ್ಕಿದ್ದರು. “ತಮ್ಮಾ, ಔಷಧಿ ಹಾಕಿ ಹಣ್ಣ ಮಾಡಿದ್ರ ಗೂಡು ಹಾಳಿಯಷ್ಟ ತೆಳ್ಳಗಾಗ್ತೈತಿ.” ಅವರ ಮಾತು ಪೂರ್ತಿ ಸುಳ್ಳೂ ಅಲ್ಲ.

ಮೊದಲ ಸಲ ನಾನು ಅವಸರ ಮಾಡಿದೆ. ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಜ್ವರ ಎದ್ದ ಐದನೇ ದಿನಕ್ಕೇ, ಒಂದು ಹಣ್ಣು ಹುಳವೂ ಕಾಣದಿದ್ದಾಗ, ಸೊಪ್ಪಿಗೆ ಹೊಡೆದೆ. ಅದರಲ್ಲಿರುವುದು ಗಿಡದಿಂದ ತೆಗೆದ ಎಕ್ಡೈಸೋನ್ ಜಾತಿಯ ಹಾರ್ಮೋನ್. ಹುಳಗಳು ಮೇವು ಬಿಟ್ಟು ಗೂಡು ಕಟ್ಟುವ ಚಂದ್ರಿಕೆ ಏರಿದವು, ಆದರೆ ಹೊಟ್ಟೆಯಲ್ಲಿ ರೇಷ್ಮೆಯೇ ತುಂಬಿರಲಿಲ್ಲ. ಸುಮಾರು 20 ಸಾವಿರ ರೂಪಾಯಿ ಕಡಿಮೆ ಬಂತು.

ಎರಡನೇ ಸೋಲು ಬೇರೆಯೇ. ಒಂಬತ್ತು ದಿನವಾದರೂ ಹುಳ ಹಣ್ಣಾಗಲಿಲ್ಲ. ದಪ್ಪಗೆ, ಬೆಳ್ಳಗೆ, ಸುಮ್ನೆ ಬಿದ್ದಿದ್ದವು. ಹಣ್ಣು ಹುಳ ಗಿಡ್ಡವಾಗಿ, ಮೈ ಪಾರದರ್ಶಕವಾಗಿ, ಹಿಕ್ಕೆ ಮೆತ್ತಗಾಗಬೇಕು ಅಲ್ವಾ? ಅದ್ಯಾವುದೂ ಇಲ್ಲ. ರೋಗ ಅಂದುಕೊಂಡು ಸುಣ್ಣ ಉದುರಿಸಿದ್ದೇ ಬಂತು. ‘ಸಂಪೂರ್ಣ’ ಕೊಟ್ಟರೂ ಕೆಲವು ತೆಳು ಗೂಡು ಕಟ್ಟಿದವು, ಉಳಿದವು ಸತ್ತವು.

ಪಕ್ಕದ ಹೊಲದವರು ಹತ್ತಿಗೆ ಬಿಳಿ ನೊಣದ ಔಷಧಿ ಹೊಡೆದಿದ್ದು ಆಮೇಲೆ ನೆನಪಾಯಿತು. ಡಬ್ಬಿ ನೋಡಿದರೆ ಪೈರಿಪ್ರಾಕ್ಸಿಫೆನ್. ಅದು ಜುವೆನೈಲ್ ಹಾರ್ಮೋನಿನ ನಕಲಿ. ಆ ಹಾರ್ಮೋನ್ ಮೈಯಲ್ಲಿ ಇಳಿದ ಮೇಲೆ ಎಕ್ಡೈಸೋನ್ ಏರಿದರೆ ಮಾತ್ರ ಹುಳ ಗೂಡು ಕಟ್ಟುತ್ತದೆ. ನಕಲಿ ಒಳಗೆ ಹೋದರೆ ಹುಳಕ್ಕೆ ‘ಇನ್ನೂ ಎಳೆಯ’ ಅನ್ನುವ ಸುದ್ದಿಯೇ ಹೋಗುತ್ತಿರುತ್ತದೆ. ಬಿಳಿ ನೊಣವನ್ನು ಹತ್ತಿಯಲ್ಲಿ ಹಿಡಿಯುವ ಉಪಾಯವೇ ನನ್ನ ಹುಳವನ್ನೂ ಹಿಡಿದಿತ್ತು. ಖಾತ್ರಿಗೆ ಮುಂದಿನ ಸಲ ಎರಡು ತಟ್ಟೆಯಲ್ಲಿ ಐವತ್ತೈವತ್ತು ಹುಳ ಇಟ್ಟೆ. ಒಂದಕ್ಕೆ ಆ ಹತ್ತಿ ಹೊಲದ ಬದುವಿನ ಸೊಪ್ಪು, ಇನ್ನೊಂದಕ್ಕೆ ತೋಟದ ನಡುವಿನದು. ನಡುವಿನವು ಗೂಡು ಕಟ್ಟಿದವು. ಬದುವಿನ ತಟ್ಟೆಯಲ್ಲಿ ಹತ್ತೂ ಕಟ್ಟಲಿಲ್ಲ.

ಸುಮ್ನೆ ಕುತೂಹಲಕ್ಕೆ ಒಂದು ತಟ್ಟೆಗೆ ಗೂಡಿನ ತೂಕ ಹೆಚ್ಚಿಸುವ ಔಷಧಿಯನ್ನೂ ಹಾಕಿ ನೋಡಿದೆ. ಅದೂ ಜುವೆನೈಲ್ ಜಾತಿಯದೇ, ಹೇಳಿದಷ್ಟೇ ಕೊಟ್ಟೆ. ಹುಳ ಒಂದು ದಿನ ಜಾಸ್ತಿ ಮೇಯಿತು, ಗೂಡೂ ತೂಗಿತು. ಲಾಭ ಸೊಪ್ಪಿಗೇ ಹೋಯಿತು, ಬಿಟ್ಟೆ.

ಈಗ ನನ್ನ ಲೆಕ್ಕ ಇಷ್ಟು. ನೂರಕ್ಕೆ ಐದರಿಂದ ಹತ್ತು ಹುಳ ತಾನಾಗಿ ಹಣ್ಣಾಗಬೇಕು. ಆಗ 100 ಮೊಟ್ಟೆಗೆ 20 ಮಿಲಿ ಔಷಧಿ, ನಾಲ್ಕು ಲೀಟರ್ ನೀರು. ಸೊಪ್ಪಿಗೆ ಸಮವಾಗಿ ಬೀಳಬೇಕು. ಎಷ್ಟು ಗಂಟೆಗೆ ಹೊಡೆಯುತ್ತೇನೆ, ಸೊಪ್ಪನ್ನು ಹೇಗೆ ಹರಡುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಮೊದಲು ಮೂರು ದಿನ ಆರಾರು ಆಳು ಹಣ್ಣು ಹುಳ ಆರಿಸುತ್ತಿದ್ದರು. ಈಗ ಒಂದೂವರೆ ದಿನದಲ್ಲಿ ಎಲ್ಲಾ ಚಂದ್ರಿಕೆಯಲ್ಲಿ. ಆಳಿಗೆ 400 ಅಂದರೂ ಸಲಕ್ಕೆ ಮೂರೂವರೆ ಸಾವಿರ ಉಳಿಯುತ್ತದೆ. ಗೂಡು ತೆಳ್ಳಗಾಗಿಲ್ಲ, ಮಾವನೇ ಹಿಚುಕಿ ನೋಡಿದರು.

ಹತ್ತಿ ಬದುವಿನ ನಾಲ್ಕು ಸಾಲಿನ ಸೊಪ್ಪು ಮಾತ್ರ ಈಗ ಹುಳದ ಮನೆಗೆ ಬರುವುದಿಲ್ಲ, ಕೊಯ್ದು ಗೊಬ್ಬರದ ಗುಂಡಿಗೆ.