ತಾರಸಿಯ ಜಾಹೀರಾತು ಫಲಕ: ಕರಾರಿನಲ್ಲಿ ನಾನು ಬರೆಸಿದ್ದು

ಮೈಸೂರಿನ ನಮ್ಮ ಮನೆ ಎರಡು ರಸ್ತೆ ಕೂಡುವ ಮೂಲೆಯಲ್ಲಿದೆ. ತಾರಸಿಯ ಮೇಲೆ 20 ಅಡಿ ಅಗಲ, 10 ಅಡಿ ಎತ್ತರದ ಫಲಕ ನಿಲ್ಲಿಸಲು ಜಾಹೀರಾತು ಸಂಸ್ಥೆಯೊಂದು ಜಾಗ ಕೇಳಿತು. ಅವರು ತಂದ ಕರಡಿನಲ್ಲಿ ಬಾಡಿಗೆ, ಮುಂಗಡ, ಅವಧಿ ಎಲ್ಲವೂ ಇದ್ದವು. ಗಾಳಿಯ ಮಾತು ಮಾತ್ರ ಎಲ್ಲೂ ಇರಲಿಲ್ಲ.

ಪರಿಚಯದ ಎಂಜಿನಿಯರರನ್ನು ಕರೆಸಿದೆ. ಗಾಳಿ ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಎದುರಿನಿಂದ ಬೀಸಿದರೆ ಇಷ್ಟು ದೊಡ್ಡ ಫಲಕದ ಮೇಲೆ ಸುಮಾರು ಒಂದೂಕಾಲು ಟನ್ ಒತ್ತಡ ಬೀಳುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಸಂಸ್ಥೆಯ ಕೆಲಸಗಾರರು ಚೌಕಟ್ಟಿನ ಕಾಲುಗಳನ್ನು ಪ್ಯಾರಾಪೆಟ್ ಗೋಡೆಗೆ ಬಿಗಿಯುವ ಯೋಚನೆಯಲ್ಲಿದ್ದರು. "ಸರ್, ಅದು ಬರೀ ಇಟ್ಟಿಗೆ ಗೋಡೆ. ಕಾಲು ಕೂರಬೇಕಾದದ್ದು ಕೆಳಗಿನ ಪಿಲ್ಲರ್ ಮತ್ತು ಬೀಮಿನ ಮೇಲೆ" ಎಂದರು ಎಂಜಿನಿಯರ್. ಬೋಲ್ಟುಗಳ ಜಾಗ ಗುರುತಿಸಿದ ನಕ್ಷೆಯನ್ನು, ಅವರ ಸಹಿಯೊಂದಿಗೆ, ಕರಾರಿನ ಭಾಗವಾಗಿಯೇ ಲಗತ್ತಿಸಿದೆವು. ಪ್ರತಿ ವರ್ಷ ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಮೊದಲು ಸಂಸ್ಥೆಯೇ ತಪಾಸಣೆ ಮಾಡಿಸಿ ಪ್ರಮಾಣಪತ್ರ ಕೊಡಬೇಕು. ದಾರಿಹೋಕರಿಗೆ, ನೆರೆಮನೆಗೆ ಹಾನಿಯಾದರೆ ಪರಿಹಾರ ಸಿಗುವಂತೆ ವಿಮೆ ಮಾಡಿಸಿ ನಮಗೂ ಪ್ರತಿ ಕೊಡಬೇಕು. 2024ರ ಮೇ ತಿಂಗಳಲ್ಲಿ ಮುಂಬೈನ ಘಾಟ್‌ಕೋಪರ್‌ನಲ್ಲಿ ಫಲಕ ಕುಸಿದು ಹದಿನೇಳು ಜನ ಸತ್ತರು. ಅದನ್ನು ನೋಡಿದ ಮೇಲೂ ಈ ಷರತ್ತು ಬಿಡುವುದು ಸಲ್ಲದು.

ಬೋಲ್ಟು ಕೂರಿಸಿದ ಕಡೆ ನೀರು ಇಳಿಯುವುದು ಇನ್ನೊಂದು ತೊಂದರೆ. ಮಳೆ ಬಿದ್ದು ಎಷ್ಟೋ ದಿನಗಳ ಮೇಲೆ ಕೆಳಗಿನ ಕೋಣೆಯ ಸೂರಿನಲ್ಲಿ ಕಂದು ಕಲೆ ಕಾಣುತ್ತದೆ. ಆಗ ಸಂಸ್ಥೆಯವರು ಅದು ಹಳೆಯ ಸೋರಿಕೆ ಎನ್ನಬಹುದು. ಅದಕ್ಕಾಗಿ ಕೆಲಸ ಶುರುವಾಗುವ ಮೊದಲೇ ಸೂರಿನ ಫೋಟೋಗಳನ್ನು ತೆಗೆದು, ಇಬ್ಬರೂ ಸಹಿ ಮಾಡಿ ಕರಾರಿಗೆ ಸೇರಿಸಿದೆವು.

ನಮ್ಮ ವಕೀಲರು ಹೆಚ್ಚು ಹೊತ್ತು ಕೂತದ್ದು ಫಲಕ ತೆಗೆಸುವ ಷರತ್ತಿನ ಮೇಲೆ. ಇದು ಬಾಡಿಗೆ ಹಕ್ಕಲ್ಲ, ಜಾಗ ಬಳಸಲು ಹನ್ನೊಂದು ತಿಂಗಳ ಅನುಮತಿ ಮಾತ್ರ, ತಾರಸಿಯ ಸ್ವಾಧೀನ ನಮ್ಮದೇ ಎಂದು ಬರೆದರು. ಅನುಮತಿ ಪಡೆದವನು ಅದನ್ನು ನಂಬಿ, ಖರ್ಚು ಮಾಡಿ ಶಾಶ್ವತ ಕಾಮಗಾರಿ ಕಟ್ಟಿದರೆ, 1882ರ ಈಸ್‌ಮೆಂಟ್ಸ್ ಕಾಯ್ದೆಯ 60ನೇ ಸೆಕ್ಷನ್ ಪ್ರಕಾರ ಅನುಮತಿ ಹಿಂಪಡೆಯುವುದು ಕಷ್ಟವಾಗುತ್ತದೆ. ಹಾಗಾಗಿ ಚೌಕಟ್ಟು ಬೋಲ್ಟು ಬಿಚ್ಚಿ ತೆಗೆಯಬಹುದಾದ ತಾತ್ಕಾಲಿಕ ವ್ಯವಸ್ಥೆ ಎಂದು ಸ್ಪಷ್ಟವಾಗಿ ನಮೂದಿಸಿದರು. ಅವಧಿ ಮುಗಿದ ಮೇಲೆ ಜಾಹೀರಾತು ಇರಲಿ ಬಿಡಲಿ, ಚೌಕಟ್ಟು ಇಳಿದು ತೂತುಗಳು ಮುಚ್ಚುವವರೆಗೂ ಶುಲ್ಕ ಕೊಡುತ್ತಿರಬೇಕು. ಮುಂಗಡದ ಮೊತ್ತವನ್ನೂ ಕ್ರೇನ್, ಕೂಲಿ, ತಾರಸಿ ದುರಸ್ತಿ ಈ ಮೂರರ ಖರ್ಚು ನೋಡಿಯೇ ನಿಗದಿ ಮಾಡಿದೆವು. ಸಂಸ್ಥೆ ಕೈಯೆತ್ತಿದರೆ ನಾವೇ ಇಳಿಸಬೇಕಲ್ಲವೇ?

ಪಾಲಿಕೆಯ ಲಿಖಿತ ಅನುಮತಿ ಸಂಸ್ಥೆಯ ಹೊಣೆ. ಅದು ಕೈಗೆ ಬರುವ ಮುನ್ನ ಒಂದು ಬೋಲ್ಟೂ ಕೂರಬಾರದು, ದಂಡ ಬಿದ್ದರೆ ಅವರದೇ. ದೀಪಕ್ಕೆ ಅವರ ಹೆಸರಿನಲ್ಲೇ ಪ್ರತ್ಯೇಕ ಮೀಟರ್. ಮನೆಯ ಸಂಪರ್ಕದಿಂದ ತಂತಿ ಎಳೆದರೆ ಗೃಹಬಳಕೆಯ ವಿದ್ಯುತ್ತನ್ನು ವ್ಯಾಪಾರಕ್ಕೆ ಬಳಸಿದ ಆರೋಪ ಮನೆಯವರ ಮೇಲೆ ಬರುತ್ತದೆ.