ಗಾಡಿ ಮೀಟರ್ ನೋಡಿ 400 ಮೀಟರ್ ಅಳೆದೆವು: ವೇಗ-ಕಾಲ ನಕ್ಷೆ, ನನ್ನ ಅನುಭವ

ವೇಗ-ಕಾಲ ನಕ್ಷೆಯ ಕೆಳಗಿನ ವಿಸ್ತೀರ್ಣವೇ ಸ್ಥಾನಪಲ್ಲಟ ಅಂತ ಮಕ್ಕಳು ಬಾಯಿಪಾಠ ಹೇಳುತ್ತಾರೆ. ನಿಜವಾದ ರಸ್ತೆಯಲ್ಲಿ ಟೇಪ್ ಹಿಡಿದು ಅದನ್ನು ತಾಳೆ ನೋಡಬೇಕು ಅಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಒಪ್ಪಲಿಲ್ಲ. "ಮೇಷ್ಟ್ರೇ, ಸುಮ್ನೆ ಪೆಟ್ರೋಲ್ ದಂಡ" ಅಂದರು. ಈಗ ಅವರೇ ನನ್ನ ಗ್ರಾಫ್ ಹಾಳೆಗಳನ್ನು ಕ್ಲಾಸಿಗೆ ಒಯ್ಯುತ್ತಾರೆ.

ಮೊದಲು ಟಿಕರ್ ಟೈಮರ್ ತಂದಿದ್ದೆ, ಎಳೆದಂತೆಲ್ಲ ಕಾಗದದ ಪಟ್ಟಿಯ ಮೇಲೆ ಸಮ ಕಾಲಾಂತರಕ್ಕೊಂದು ಚುಕ್ಕಿ ಹೊಡೆಯುವ ಯಂತ್ರ. ಎರಡು ಸಾವಿರದ ಹತ್ತಿರ ಹೋಯಿತು. ಪಟ್ಟಿ ಸಿಕ್ಕಿಕೊಳ್ಳುತ್ತಿತ್ತು, ಚುಕ್ಕಿಗಳು ಒಂದರ ಮೇಲೊಂದು ಕೂತು ಆರಂಭದ ಭಾಗ ಓದಲೇ ಆಗುತ್ತಿರಲಿಲ್ಲ. ಅದನ್ನು ಬಿಟ್ಟು ಬೈಕಿಗೆ ಬಂದೆ. ಬೆಳಗ್ಗೆ ಖಾಲಿ ಇರುವ ನೇರ ರಸ್ತೆ, ಪಕ್ಕದಲ್ಲಿ 200 ಮೀಟರಿಗೊಂದು ಕಲ್ಲು. ಕಲ್ಲು ನಂಬಬೇಡಿ, ಟೇಪ್ ಹಾಕಿ. ನಮ್ಮಲ್ಲಿ ಒಂದು ಕಲ್ಲು ಎರಡು ಮೂರು ಮೀಟರ್ ಆಚೆ ಇತ್ತು. ಅಳೆದು ಗುರುತು ಹಾಕಿದ 400 ಮೀಟರ್ ದೂರವನ್ನು ನಿಂತಲ್ಲಿಂದ ಹೊರಟು, ನಿಂತೇ ಮುಗಿಸಬೇಕು. ಓಡಿಸಿದ್ದು ನಾನು, ಹಿಂದೆ ಕೂತ ಗೆಳೆಯ ಸ್ಪೀಡೋಮೀಟರಿನ ವಿಡಿಯೋ ತೆಗೆದ. ಫೋನ್ ಅಲುಗಾಡದಂತೆ ಹಿಡಿಯಲು ಒಂದು ಉಪಾಯ ಇದೆ, ಅದು ನಮ್ಮ ಮಕ್ಕಳಿಗೆ ಮಾತ್ರ.

ವಿಡಿಯೋ ನಿಲ್ಲಿಸಿ ನಿಲ್ಲಿಸಿ ಎರಡೆರಡು ಸೆಕೆಂಡಿಗೆ ಓದಿ, ಗಂಟೆಯ ಕಿ.ಮೀ. ಅನ್ನು ಸೆಕೆಂಡಿನ ಮೀಟರಿಗೆ ತರಲು 5/18 ರಿಂದ ಗುಣಿಸಿ ನಕ್ಷೆಗೆ ಏರಿಸಿದೆವು. ಅಡ್ಡಕ್ಕೆ 1 ಸೆಂ.ಮೀ. ಅಂದರೆ 2 ಸೆಕೆಂಡ್, ಉದ್ದಕ್ಕೆ 1 ಸೆಂ.ಮೀ. ಅಂದರೆ ಸೆಕೆಂಡಿಗೆ 2 ಮೀಟರ್. ಹಾಗಾಗಿ ಒಂದು ದೊಡ್ಡ ಚೌಕ 4 ಮೀಟರ್, 400 ಮೀಟರಿಗೆ ಸರಿಯಾಗಿ 100 ಚೌಕ ಬರಬೇಕು. ಈ ಸ್ಕೇಲ್ ಆರಿಸಿದ್ದೇ ಅದಕ್ಕೆ, ಎಣಿಸಿದ ತಕ್ಷಣ ಶೇಕಡಾ ಎಷ್ಟು ತಪ್ಪಿದೆ ಅಂತ ಕಣ್ಣಿಗೇ ಕಾಣುತ್ತದೆ.

ಬಂದದ್ದು 107 ಚೌಕ. ಮತ್ತೆ ಓಡಿಸಿದರೂ ಅಷ್ಟೇ, ಒಂದು ಹೆಚ್ಚು ಒಂದು ಕಡಿಮೆ. ಎಣಿಕೆ ಎಡವಟ್ಟಾಗಿದ್ದರೆ ನೂರಕ್ಕಿಂತ ಒಮ್ಮೆ ಜಾಸ್ತಿ ಒಮ್ಮೆ ಕಮ್ಮಿ ಬರಬೇಕಿತ್ತು, ಪ್ರತಿಸಲ ಒಂದೇ ಕಡೆ ವಾಲುತ್ತಿದೆ ಅಂದರೆ ಮೀಟರಿನದ್ದೇ ಕೆಲಸ. ಸ್ಪೀಡೋಮೀಟರುಗಳನ್ನು ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವಂತೆಯೇ ಮಾಡಿರುತ್ತಾರೆ, ಕಡಿಮೆ ತೋರಿಸಬಾರದು ಅನ್ನುವ ಕಾರಣಕ್ಕೆ. ಫೋನಿನ ಜಿಪಿಎಸ್ ಪಕ್ಕಕ್ಕಿಟ್ಟು ಒಂದೇ ವೇಗದಲ್ಲಿ ಓಡಿಸಿದೆ: ಮೀಟರಿನಲ್ಲಿ 40, ಜಿಪಿಎಸ್‌ನಲ್ಲಿ ಸುಮಾರು 37. ಎಲ್ಲ ಬಿಂದುಗಳನ್ನೂ ಆ ಲೆಕ್ಕಕ್ಕೆ ಇಳಿಸಿ ನಕ್ಷೆ ಮತ್ತೆ ಎಳೆದೆವು. 99 ಚೌಕ! ಅಂದರೆ 396 ಮೀಟರ್. ಹಾಗಾದರೆ ಮೊದಲಿಂದ ಜಿಪಿಎಸ್ ಒಂದೇ ಸಾಕಲ್ವಾ ಅಂತ ಕೇಳಬಹುದು. ಸಾಲದು. ಹೊರಡುವಾಗ, ಬ್ರೇಕ್ ಹಾಕುವಾಗ ಅದು ತಡವಾಗಿ ಏರಿಳಿಯುತ್ತದೆ, ನಮಗೆ ಬೇಕಾದ ವಕ್ರ ಭಾಗವೇ ಕೆಡುತ್ತದೆ.

ಇನ್ನು ನಕ್ಷೆಯ ಇಳಿಜಾರು, ಅಂದರೆ ವೇಗೋತ್ಕರ್ಷ. ಹೆಚ್ಚು ಮಂದಿ ಎಡವುವುದು ಇಲ್ಲೇ. 8ನೇ ಸೆಕೆಂಡಿನಲ್ಲಿ ವೇಗ 9.4 ಇತ್ತು. ಮಕ್ಕಳು 9.4 ಅನ್ನು 8 ರಿಂದ ಭಾಗಿಸಿ 1.2 ಅಂದರು. ಅದು ಹೊರಟಾಗಿನಿಂದ ಅಲ್ಲಿಯವರೆಗಿನ ಸರಾಸರಿ, ಆ ಕ್ಷಣದ್ದಲ್ಲ. ಆ ಬಿಂದುವಿಗೆ ಸ್ಪರ್ಶಕ ಎಳೆದರೆ ಗೆರೆ ಮೂಲಬಿಂದುವಿಗೆ ಹೋಗುವುದೇ ಇಲ್ಲ, ವೇಗದ ಅಕ್ಷವನ್ನು 5 ರ ಹತ್ತಿರ ಮುಟ್ಟುತ್ತದೆ. ಅದೇ ಗೆರೆಯನ್ನು 16ನೇ ಸೆಕೆಂಡಿನವರೆಗೆ ಎಳೆದರೆ 13.8. ಏರಿಕೆ 8.8, ಅದನ್ನು 16 ರಿಂದ ಭಾಗಿಸಿದರೆ 0.55 ಮೀ/ಸೆ². ಅರ್ಧಕ್ಕಿಂತ ಕಡಿಮೆ! 2ನೇ ಸೆಕೆಂಡಿನಲ್ಲಿ ಹೀಗೇ ಮಾಡಿದರೆ 1.6 ರ ಆಸುಪಾಸು. ತ್ರಿಕೋನ ದೊಡ್ಡದಾಗಿರಲಿ, ಅಡ್ಡಕ್ಕೆ 8 ಸೆಂ.ಮೀ. ಆದರೂ ಬೇಕು. ಚಿಕ್ಕದಾದರೆ ಅರ್ಧ ಮಿಲಿಮೀಟರ್ ತಪ್ಪೂ ಉತ್ತರವನ್ನು ಕೆಡಿಸುತ್ತದೆ.

ಸ್ಪರ್ಶಕವನ್ನು ಕಣ್ಣಂದಾಜಿಗೆ ಎಳೆದರೆ ಹತ್ತು ಮಕ್ಕಳಿಗೆ ಹತ್ತು ಉತ್ತರ. ಹತ್ತು ಇಪ್ಪತ್ತು ರೂಪಾಯಿಯ ಚಪ್ಪಟೆ ಕನ್ನಡಿ ತನ್ನಿ. ಬಿಂದುವಿನ ಮೇಲೆ ವಕ್ರಕ್ಕೆ ಅಡ್ಡಲಾಗಿ ನಿಲ್ಲಿಸಿ ನಿಧಾನ ತಿರುಗಿಸಿ. ಕಾಗದದ ಗೆರೆಯೂ ಕನ್ನಡಿಯೊಳಗಿನ ಗೆರೆಯೂ ಮುರಿಯದೆ ಒಂದೇ ಗೆರೆಯಾಗಿ ಕಂಡಾಗ ಕನ್ನಡಿಯ ಅಂಚಿಗೆ ಪೆನ್ಸಿಲ್ ಎಳೆಯಿರಿ. ಆ ಗೆರೆಗೆ ಲಂಬವಾಗಿ ಎಳೆದದ್ದೇ ಸ್ಪರ್ಶಕ. ದಪ್ಪ ಗಾಜಾದರೆ ಎರಡು ಗೆರೆಗಳ ನಡುವೆ ಸಂದು ಬಿದ್ದು ಕೈಕೊಡುತ್ತದೆ, ತೆಳುವಾದದ್ದನ್ನೇ ಆರಿಸಿ.

ನಡುವೆ ಇನ್ನೊಂದು ಪ್ರಯೋಗ ಹೊಳೆಯಿತು. ವಕ್ರದ ಕೆಳಗಿನ ಭಾಗವನ್ನು ಕತ್ತರಿಸಿ, ಚಿನ್ನ ತೂಗುವ ಪುಟ್ಟ ತಕ್ಕಡಿಯಲ್ಲಿ ಇಟ್ಟೆ, ತಕ್ಕಡಿಗೆ ನಾನೂರು ಚಿಲ್ಲರೆ ಆಯಿತು. ಅದೇ ಹಾಳೆಯಿಂದ 100 ಚೌಕದ ತುಂಡೊಂದನ್ನು ಕತ್ತರಿಸಿ ಹೋಲಿಸಿದರೆ ಎಣಿಕೆಯ ಉತ್ತರಕ್ಕೆ ಹೆಚ್ಚುಕಡಿಮೆ ಸಮವೇ ಬಂತು. ಆದರೆ ತುಂಡು ತೂಗುವುದು ಮುಕ್ಕಾಲು ಗ್ರಾಂ ಅಷ್ಟೇ, ಫ್ಯಾನ್ ಆರಿಸಿಯೇ ತೂಗಬೇಕು.

ವಾಪಸ್ ಬರುವ ಓಟವನ್ನೂ ನಕ್ಷೆಗೆ ಏರಿಸಿದೆವು. ಮೀಟರ್ ಬರೀ ಜವ ತೋರಿಸುತ್ತದೆ, ದಿಕ್ಕು ಅದಕ್ಕೆ ಗೊತ್ತಿಲ್ಲ. ಆದ್ದರಿಂದ ವಾಪಸ್ ಓಟವನ್ನು ನಾವೇ ಅಕ್ಷದ ಕೆಳಗೆ ಎಳೆಯಬೇಕು. ಮೇಲಿನ 99 ಚೌಕದಿಂದ ಕೆಳಗಿನವನ್ನು ಕಳೆದರೆ ಸ್ಥಾನಪಲ್ಲಟ ಸೊನ್ನೆಯ ಹತ್ತಿರ, ಕೂಡಿದರೆ ಕ್ರಮಿಸಿದ ದೂರ 800 ಮೀಟರಿನ ಹತ್ತಿರ.